ಮಂಡಿ ಗುಮಾಸ್ತರಿಗೆ ಟೈಪಿಂಗ್ ಸ್ಪೀಡ್ ಎಷ್ಟಿರಬೇಕು?

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ನಮ್ಮದೊಂದು ಟೊಮೆಟೊ ಮಂಡಿ. ಸೀಸನ್ ಶುರುವಾಗುವ ಮುಂಚೆ ಕಂಪ್ಯೂಟರ್ ಗೊತ್ತಿರುವ ಗುಮಾಸ್ತರೊಬ್ಬರು ಬೇಕು. ಟೈಪಿಂಗ್ ಟೆಸ್ಟ್ ಇಡೋಣ ಅಂತಿದ್ದೇವೆ. ನಿಮಿಷಕ್ಕೆ ಎಷ್ಟು ಪದ ಬಂದರೆ ತಗೋಬಹುದು? ಎಕ್ಸೆಲ್‌ಗೂ ಒಂದು ಪ್ರಶ್ನೆಪತ್ರಿಕೆ ಹೇಳಿ.

ಉತ್ತರ: 25 ಬಂದರೆ ಸಾಕು. ಇಷ್ಟಕ್ಕೇ ನಿಲ್ಲಿಸಿದರೆ "ಹಾಗಾದರೆ 45 ಬರುವವರು ಇನ್ನೂ ಒಳ್ಳೆಯವರಲ್ಲವಾ?" ಎಂಬ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಇದು ಸಾಯುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕವನ್ನೇ ಹಾಕಿ ತೋರಿಸುತ್ತೇನೆ.

ಟೈಪಿಂಗ್ ಪರೀಕ್ಷೆಯಲ್ಲಿ 'ಪದ' ಎಂದರೆ ನಿಜವಾದ ಪದವಲ್ಲ, ಐದು ಸಲ ಕೀಲಿ ಒತ್ತಿದ್ದು. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಇಂಗ್ಲಿಷ್‌ಗೆ ನಿಮಿಷಕ್ಕೆ 35 ಪದ ಕೇಳುವಾಗ ಅದನ್ನೇ ಗಂಟೆಗೆ 10,500 ಒತ್ತು ಎಂದೂ ಹೇಳುತ್ತದೆ. 35ನ್ನು 5ರಿಂದ, ಆಮೇಲೆ 60ರಿಂದ ಗುಣಿಸಿ ನೋಡಿ, ಅಷ್ಟೇ ಬರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ನಿವ್ವಳ ವೇಗದ ಲೆಕ್ಕದಲ್ಲಿ, ಒಟ್ಟು ವೇಗದಿಂದ ನಿಮಿಷಕ್ಕೆ ಎಷ್ಟು ತಪ್ಪೋ ಅಷ್ಟು ಪದ ಕಳೆಯುತ್ತಾರೆ. ಎಡವಟ್ಟು ಇರುವುದೇ ಇಲ್ಲಿ.

ಇಬ್ಬರು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯವರು ಹತ್ತು ನಿಮಿಷದಲ್ಲಿ 2,300 ಒತ್ತು ಒತ್ತಿ, 10 ತಪ್ಪು ಮಾಡಿದರು. ಒಟ್ಟು ವೇಗ 46, ನಿಮಿಷಕ್ಕೆ ಒಂದು ತಪ್ಪು, ನಿವ್ವಳ 45. ಎರಡನೆಯವರು ಅದೇ ಹೊತ್ತಿನಲ್ಲಿ 1,400 ಒತ್ತಿದರು, ತಪ್ಪೇ ಇಲ್ಲ, ನಿವ್ವಳ 28. ಯಾರಿಗೆ ಕೇಳಿದರೂ 45ರವರನ್ನೇ ತಗೊಳ್ಳಿ ಅನ್ನುತ್ತಾರೆ.

ಈಗ ನಿಮ್ಮ ಮಂಡಿಯ ಕೆಲಸ ನೋಡಿ. ರೈತರ ಒಂದು ಚೀಟಿಯನ್ನು ಕಂಪ್ಯೂಟರ್‌ಗೆ ಏರಿಸಲು ಲಾಟ್ ನಂಬರ್, ಇನಿಷಿಯಲ್ ಸಮೇತ ಹೆಸರು, ಊರು, ಬಾಕ್ಸ್, ದರ, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಎಲ್ಲ ಸೇರಿ ಸುಮಾರು 50 ಒತ್ತು. ದಿನಕ್ಕೆ 60 ಚೀಟಿ ಎಂದರೆ 3,000 ಒತ್ತು. ಮೊದಲನೆಯವರಿಗೆ ಇದು 13 ನಿಮಿಷದ ಕೆಲಸ, ಎರಡನೆಯವರಿಗೆ 21 ನಿಮಿಷದ್ದು. ಇಡೀ ದಿನದಲ್ಲಿ ನೀವು ಉಳಿಸಿದ್ದು ಎಂಟು ನಿಮಿಷ. ಒಂದು ಟೀ ಹೊತ್ತಿಗೂ ಸಾಲದು.

ಅದೇ ತಪ್ಪಿನ ಪ್ರಮಾಣ ಹಿಡಿದರೆ, ಮೊದಲನೆಯವರಿಂದ ಆ 3,000 ಒತ್ತಿನಲ್ಲಿ ಸುಮಾರು 13 ತಪ್ಪು ಬರುತ್ತದೆ. ಖಾತೆ ಸಂಖ್ಯೆಯ 11 ಅಂಕಿ, ಐಎಫ್‌ಎಸ್‌ಸಿಯ 11 ಅಕ್ಷರ ಸೇರಿದರೆ 50ರಲ್ಲಿ 22 ಒತ್ತು ಬ್ಯಾಂಕ್ ವಿವರದ್ದೇ. ಹಾಗಾಗಿ ಆ 13ರಲ್ಲಿ ಐದಾರು ತಪ್ಪು ಹೋಗಿ ಬೀಳುವುದು ಅಲ್ಲಿಗೇ. ಎನ್‌ಇಎಫ್‌ಟಿಯಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ, ಹೆಸರಿನ ಮೇಲಲ್ಲ. ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳಿಸಿದವರದು. ದುಡ್ಡು ವಾಪಸ್ ಬಂದರೆ ಅದೃಷ್ಟ, ಇನ್ಯಾರದೋ ಖಾತೆಗೆ ಹೋಗಿ ಕೂತರೆ ಬ್ಯಾಂಕಿಗೆ ಅರ್ಜಿ ಹಿಡಿದು ಅಲೆಯಬೇಕು, ಮಂಡಿ ಬಾಗಿಲಲ್ಲಿ ರೈತರಿಗೆ ಜವಾಬು ಹೇಳಬೇಕು. ನಿವ್ವಳ ವೇಗದ ಸೂತ್ರ ಇದಕ್ಕೆಲ್ಲ ಸೇರಿ ಕಳೆದದ್ದು ಒಂದೇ ಒಂದು ಪದ.

"ಸೀಸನ್‌ನಲ್ಲಿ ದಿನಕ್ಕೆ 200 ಚೀಟಿ ಸಾರ್" ಅನ್ನಬಹುದು. ಆಯಿತು, 10,000 ಒತ್ತು. ಒಬ್ಬರಿಗೆ 43 ನಿಮಿಷ, ಇನ್ನೊಬ್ಬರಿಗೆ 71. ಆಗ ವೇಗಕ್ಕೆ ಸ್ವಲ್ಪ ಬೆಲೆ ಇದೆ, ಒಪ್ಪುತ್ತೇನೆ. ಆದರೆ ತಪ್ಪೂ ಅದೇ ಲೆಕ್ಕದಲ್ಲಿ 43ಕ್ಕೆ ಏರಿರುತ್ತದೆ.

ಇನ್ನೂ ಒಂದು ಮಾತಿದೆ. ಈ 45 ಬಂದದ್ದು ಅಚ್ಚಾದ ಹಾಳೆ ನೋಡಿಕೊಂಡು ಗದ್ಯ ಹೊಡೆದಾಗ. ಗದ್ಯದಲ್ಲಿ ಒಂದಕ್ಷರ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ, ಖಾತೆ ಸಂಖ್ಯೆಯಲ್ಲಿ 6ರ ಜಾಗಕ್ಕೆ 9 ಬಂದರೆ ಏನೂ ಅನ್ನಿಸುವುದಿಲ್ಲ. ಟೈಪಿಂಗ್ ಕ್ಲಾಸಿನಲ್ಲಿ ಅಕ್ಷರದ ಸಾಲುಗಳನ್ನು ತಿದ್ದಿಸುತ್ತಾರೆ, ಬಲಗಡೆಯ ನಂಬರ್ ಪ್ಯಾಡ್ ಮುಟ್ಟಿಸುವುದು ಕಡಿಮೆ. ಸೀನಿಯರ್ ಪಾಸಾದವರು ಕೈಬರಹದ ಚೀಟಿ ಮುಂದೆ ಒದ್ದಾಡುವುದು ಅದಕ್ಕೇ.

ಹಾಗಾಗಿ ವೇಗವನ್ನು ಬಾಗಿಲಲ್ಲೇ ನಿಲ್ಲಿಸಿ. ನಿಮಿಷಕ್ಕೆ 25 ಬಂತೇ, ಒಳಗೆ ಬನ್ನಿ. ಅದಕ್ಕಿಂತ ಮೇಲಿನ ಒಂದೊಂದು ಪದಕ್ಕೂ ಅಂಕ ಕೊಡಬೇಡಿ.

ಒಳಗೆ ಬಂದವರಿಗೆ ಕೊಡುವ ಪರೀಕ್ಷೆ ನಿಮ್ಮ ಕೆಲಸದ್ದೇ ತುಂಡಾಗಿರಬೇಕು. 20 ಚೀಟಿಗಳನ್ನು ಬೇರೆ ಬೇರೆಯವರ ಕೈಬರಹದಲ್ಲಿ ಬರೆಸಿ, ಜೆರಾಕ್ಸ್ ಮಾಡಿಸಿ. ಹೆಸರು, ಖಾತೆ ಎಲ್ಲ ಕಲ್ಪಿತವಾಗಿರಲಿ. ನಿಮ್ಮ ರೈತರ ಬ್ಯಾಂಕ್ ವಿವರ ಪರೀಕ್ಷೆಗೆ ಬಂದವರ ಕೈಗೆ ಹೋಗಬಾರದು. 20 ಚೀಟಿ ಎಂದರೆ 1,000 ಒತ್ತು, 25ರ ವೇಗದಲ್ಲಿ 8 ನಿಮಿಷ. ನೀವು 20 ನಿಮಿಷ ಕೊಡಿ. ಉಳಿದ ಹೊತ್ತನ್ನು ಅವರು ಏನು ಮಾಡುತ್ತಾರೆ ಎನ್ನುವುದೇ ಪರೀಕ್ಷೆ. ಮೇಲಿಂದ ಒಂದು ಸಲ ತಾಳೆ ನೋಡುತ್ತಾರೋ, "ಮುಗೀತು" ಎಂದು ಎದ್ದು ಬಿಡುತ್ತಾರೋ? ಬ್ಯಾಕ್‌ಸ್ಪೇಸ್ ನಿಷೇಧಿಸಬೇಡಿ. ಅದು ಟೈಪ್‌ರೈಟರ್ ಕಾಲದ ಮಡಿ. ಕೊನೆಗೆ ಫೈಲಿನಲ್ಲಿ ಉಳಿದ ತಪ್ಪು ಮಾತ್ರ ಎಣಿಸಿ.

ಆ 20 ಚೀಟಿಯಲ್ಲಿ ಐದು ಕೊಕ್ಕೆ ಇಡಿ. ಒಂದು ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗಲಿ. ಇನ್ನೊಂದರಲ್ಲಿ 16 ಅಂಕಿ ಇರಲಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಹದಿನಾರನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಮೊದಲ ಸೊನ್ನೆಯನ್ನಂತೂ ನುಂಗಿಯೇ ಬಿಡುತ್ತದೆ. ಕಾಲಂ ಅನ್ನು ಮೊದಲೇ `Text` ಮಾಡಿಕೊಂಡವರಿಗೆ ಈ ತೊಂದರೆ ಇಲ್ಲ. ಮೂರನೆಯದು, ಐಎಫ್‌ಎಸ್‌ಸಿಯ ಐದನೇ ಸ್ಥಾನ. ಅಲ್ಲಿ ಯಾವಾಗಲೂ ಸೊನ್ನೆಯೇ ಇರುವುದು, ಚೀಟಿಯಲ್ಲಿ ಮಾತ್ರ `O` ಅಕ್ಷರದ ಹಾಗೆ ಕಾಣುವಂತೆ ಬರೆಸಿ. ನಾಲ್ಕನೆಯದು, ಒಂದೇ ಊರಿನ ಇಬ್ಬರು ವೆಂಕಟೇಶಪ್ಪ, ಇನಿಷಿಯಲ್ ಮಾತ್ರ ಬೇರೆ. ಕೋಲಾರದಲ್ಲಿ ಇದು ಕೊಕ್ಕೆಯೇ ಅಲ್ಲ, ದಿನನಿತ್ಯ. ಐದನೆಯದು, ದರ ಓದಲಾಗದಂತೆ ಮಸಿ ಹರಡಿದ ಚೀಟಿ. ಇದಕ್ಕೆ ಸರಿ ಉತ್ತರ ಮನೆಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ "ಕೇಳಬೇಕು" ಎಂದು ಬರೆಯುವುದು. ಅಕ್ಕಪಕ್ಕದ ಚೀಟಿ ನೋಡಿ 450 ಇರಬಹುದು ಅಂತ ತುಂಬಿದವರಿಗೆ ಉಳಿದೆಲ್ಲ ತಪ್ಪಿಗಿಂತ ಹೆಚ್ಚು ಅಂಕ ಕಳೆಯಿರಿ. ಗೊತ್ತಿಲ್ಲದ್ದನ್ನು ತುಂಬುವ ಅಭ್ಯಾಸ ತರಬೇತಿಯಿಂದ ಸುಲಭಕ್ಕೆ ಹೋಗುವುದಿಲ್ಲ.

ತಪ್ಪು ಎಣಿಸಲು ಕಣ್ಣು ನೋಯಿಸಿಕೊಳ್ಳಬೇಡಿ. ಸರಿಯುತ್ತರದ ಹಾಳೆಯನ್ನು `Key` ಎಂದೂ ಅವರ ಹಾಳೆಯನ್ನು `Test` ಎಂದೂ ಹೆಸರಿಡಿ. `Key` ಹಾಳೆಯಲ್ಲೂ ಖಾತೆಯ ಕಾಲಂ ಮೊದಲೇ `Text` ಆಗಿರಲಿ. ಖಾತೆ ಸಂಖ್ಯೆ `F` ಕಾಲಂನಲ್ಲಿದ್ದರೆ:

```
=SUMPRODUCT(--NOT(EXACT(Test!F2:F21,Key!F2:F21)))
```

ಬಂದ ಸಂಖ್ಯೆಯಷ್ಟು ಚೀಟಿಯಲ್ಲಿ ಖಾತೆ ತಪ್ಪಿದೆ. ನುಂಗಿಹೋದ ಸೊನ್ನೆಯೂ ಇದರಲ್ಲಿ ಸಿಕ್ಕಿಬೀಳುತ್ತದೆ. ಹೆಸರಿನ ಕಾಲಂಗೆ ಇದನ್ನು ಹಾಕಬೇಡಿ, ಕೊನೆಯಲ್ಲಿ ಒಂದು ಸ್ಪೇಸ್ ಇದ್ದರೂ ತಪ್ಪೆಂದು ಎಣಿಸುತ್ತದೆ.

ಎಕ್ಸೆಲ್ ಪತ್ರಿಕೆಯ ವಿಷಯ. "ವಿಲುಕಪ್ ಬರುತ್ತಾ? ಪಿವಟ್ ಗೊತ್ತಾ?" ಎಂದು ಕೇಳುವುದನ್ನು ಬಿಡಿ. ಎಲ್ಲರೂ ಬರುತ್ತದೆ ಅನ್ನುತ್ತಾರೆ. 60 ಸಾಲಿನ ಫೈಲ್ ಕೊಟ್ಟು ಎರಡೇ ಕೆಲಸ ಹೇಳಿ: ಒಟ್ಟು ಬಾಕ್ಸ್ ಎಷ್ಟು, ಮತ್ತು ಫೈಲನ್ನು ಊರುವಾರು ಜೋಡಿಸಿ ಕೊಡಿ. ಯಾವ ದಾರಿಯಲ್ಲಾದರೂ ಮಾಡಲಿ.

ಮೊದಲ ಕೆಲಸದ ಒಳಗೆ ಕೊಕ್ಕೆ ಇದೆ. ಬಾಕ್ಸ್ ಕಾಲಂನಲ್ಲಿ 40 ಮತ್ತು 35 ಬರುವ ಎರಡು ಮನೆಗಳನ್ನು ಮೊದಲು `Text` ಮಾಡಿ, ಆಮೇಲೆ ಅಂಕಿ ಹೊಡೆದಿಡಿ. ಎಕ್ಸೆಲ್ ಅವನ್ನು ಅಕ್ಷರವೆಂದು ತಿಳಿಯುತ್ತದೆ, `SUM` ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಜವಾದ ಮೊತ್ತ 1,860 ಆಗಿದ್ದರೆ ಪರದೆಯ ಮೇಲೆ 1,785 ಬರುತ್ತದೆ. ಮೊತ್ತದ ಮನೆಯಲ್ಲಿ ಯಾವ ಎರರ್ ಇಲ್ಲ. ಎಚ್ಚರ ಇರುವವರಿಗೆ ಆ ಎರಡು ಅಂಕಿ ಎಡಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ, ಅಥವಾ ಇದನ್ನು ಹೊಡೆದು ನೋಡುತ್ತಾರೆ:

```
=COUNTA(D2:D61)
=COUNT(D2:D61)
```

ಮೊದಲನೆಯದು 60, ಎರಡನೆಯದು 58. ಕಳೆದ 75 ಬಾಕ್ಸ್, 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ, ಒಂದು ಟನ್‌ಗಿಂತ ಹೆಚ್ಚು ಮಾಲು.

ಎರಡನೇ ಕೆಲಸದಲ್ಲಿ ಊರಿನ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಕೊಡುವವರು ಸಿಗುತ್ತಾರೆ. ಎಕ್ಸೆಲ್ `Expand the selection` ಎಂದು ಕೇಳುತ್ತದೆ, ಅವರು ಇನ್ನೊಂದನ್ನು ಒತ್ತುತ್ತಾರೆ. ವೇಮಗಲ್‌ನವರು ಮುಳಬಾಗಿಲಿನವರಾಗುತ್ತಾರೆ, ಫೈಲ್ ಮಾತ್ರ ನೋಡಲು ಅಚ್ಚುಕಟ್ಟಾಗಿರುತ್ತದೆ. ಲಾಟ್ ನಂಬರ್‌ಗೂ ಊರಿಗೂ ಮೊದಲಿದ್ದ ಜೋಡಿ ಉಳಿದಿದೆಯೇ ಎಂದು ನಾಲ್ಕು ಸಾಲು ತಾಳೆ ನೋಡಿದರೆ ನಿಮಗೆ ತಿಳಿಯುತ್ತದೆ.

ಈ ಎಕ್ಸೆಲ್ ಪತ್ರಿಕೆಯನ್ನು ಹೊಸಬರ ಮುಂದಿಡುವ ಮೊದಲು ನಿಮ್ಮಲ್ಲಿ ಈಗ ಇರುವ ನಂಬಿಕಸ್ಥ ಗುಮಾಸ್ತರಿಗೆ ಕೊಡಿ. ಅವರೇ ಫೇಲಾದರೆ ಪತ್ರಿಕೆ ತಪ್ಪು, ಅವರಲ್ಲ. ಅವರಿಗೆ ಹಿಡಿದ ಹೊತ್ತಿನ ಒಂದೂವರೆ ಪಟ್ಟು ಹೊಸಬರಿಗೆ ಕೊಡಿ. ಒಂದೇ ಕಂಪ್ಯೂಟರ್ ಸೆಂಟರ್‌ನಿಂದ ನಾಲ್ವರು ಬರುತ್ತಾರೆ, ಮೊದಲು ಹೋದವರು ಹೊರಗೆ ಎಲ್ಲ ಹೇಳುತ್ತಾರೆ, ಆದ್ದರಿಂದ ಅಂಕಿ ಬದಲಿಸಿದ ಎರಡು ಜೊತೆ ಇಟ್ಟುಕೊಳ್ಳಿ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಎಲ್ಲರಿಗೂ ಒಂದೇ ಇರಲಿ, ಕೈ ಪಳಗಲು ಐದು ನಿಮಿಷ ಬಿಡಿ.

ಕನ್ನಡ ಟೈಪಿಂಗ್ ಬಗ್ಗೆ ನೀವು ಕೇಳಲಿಲ್ಲ. ಯಾರೂ ಕೇಳುವುದಿಲ್ಲ, ಆಮೇಲೆ ರೈತರಿಗೆ ಕನ್ನಡದಲ್ಲಿ ಲೆಕ್ಕ ಕೊಡಬೇಕಾದಾಗ ನೆನಪಾಗುತ್ತದೆ. ಐದು ಅಕ್ಷರಕ್ಕೆ ಒಂದು ಪದ ಎಂಬ ಲೆಕ್ಕ ಕನ್ನಡದಲ್ಲಿ ಕಾಲಿಡುವ ಮುಂಚೆಯೇ ಮುಗ್ಗರಿಸುತ್ತದೆ. 'ಲಕ್ಷ್ಮಿ' ಕಣ್ಣಿಗೆ ಎರಡೇ ಅಕ್ಷರ, `=LEN("ಲಕ್ಷ್ಮಿ")` ಕೊಡಿ, 7 ಬರುತ್ತದೆ. ಹಾಗಾಗಿ ಇಂಗ್ಲಿಷ್ ವೇಗವನ್ನೂ ಕನ್ನಡ ವೇಗವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವೇಗಕ್ಕಿಂತ ಮೊದಲು ನೋಡಬೇಕಾದದ್ದು ಯೂನಿಕೋಡ್. ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದದ್ದು ಅದೇ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ, ಬೇರೆ ಕಡೆ ಕಲಸುಮೇಲೋಗರದ ಇಂಗ್ಲಿಷ್ ಅಕ್ಷರ. ಇಂಥ ಫೈಲಿನಲ್ಲಿ ಯೂನಿಕೋಡ್‌ನಲ್ಲಿ 'ಮುನಿಯಪ್ಪ' ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಪರೀಕ್ಷೆ ಸುಲಭ: ಐದು ಹೆಸರು, ಐದು ಊರು ಕನ್ನಡದಲ್ಲಿ ಹೊಡೆಸಿ, ಆ ಸಾಲುಗಳನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮ್ಮ ಫೋನಿಗೆ ಕಳಿಸಲು ಹೇಳಿ. ಅಲ್ಲಿ ಓದಲು ಬಂದರೆ ಯೂನಿಕೋಡ್. ನುಡಿ ಕೀಲಿಮಣೆಯೋ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರಿಸುವುದೋ, ಅದು ಅವರಿಷ್ಟ. ಬ್ಯಾಂಕಿಗೆ ಹೋಗುವ ಹಾಳೆಯಲ್ಲಿ ಮಾತ್ರ ಹೆಸರು ಪಾಸ್‌ಬುಕ್‌ನಲ್ಲಿ ಹೇಗಿದೆಯೋ ಹಾಗೇ ಇಂಗ್ಲಿಷ್‌ನಲ್ಲಿ ಇರಲಿ. `Muniyappa` ಇದ್ದದ್ದನ್ನು `Muniappa` ಮಾಡಿ ಚೆಂದಗೊಳಿಸಿದವರಿಗೂ ಅರ್ಧ ಅಂಕ ಕಳೆಯಿರಿ.