ರೇಯೋಮ್ಯೂರ್ ಡಿಗ್ರಿ: ನೀರು 80ಕ್ಕೆ ಕುದಿಯುತ್ತಿದ್ದ ಕಾಲ

ಹಳೆಯ ಭೌತಶಾಸ್ತ್ರದ ಪಠ್ಯಪುಸ್ತಕ ಓದಿದವರಿಗೆ C/5 = R/4 = (F−32)/9 ಎಂಬ ಸೂತ್ರ ನೆನಪಿರಬಹುದು. ಇದರಲ್ಲಿ C ಸೆಲ್ಸಿಯಸ್, F ಫ್ಯಾರನ್‌ಹೀಟ್. ಇವೆರಡೂ ನಮ್ಮ ದಿನಬಳಕೆಯಲ್ಲೇ ಇವೆ. ನಡುವಿನ R ಮಾತ್ರ ಪರೀಕ್ಷೆ ಮುಗಿದ ಮೇಲೆ ಮತ್ತೆ ಎಲ್ಲೂ ಸಿಗುವುದಿಲ್ಲ. ಅದು ರೇಯೋಮ್ಯೂರ್ ಮಾಪಕ. ಸುಮಾರು ನೂರೈವತ್ತು ವರ್ಷ ಯುರೋಪಿನ ಬಹುಭಾಗ ಚಳಿ, ಸೆಕೆಗಳನ್ನು ಅಳೆದದ್ದು ಇದರಲ್ಲೇ.

ರೇಯೋಮ್ಯೂರ್ ಮಾಪಕದಲ್ಲಿ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, 80 ಡಿಗ್ರಿಗೆ ಕುದಿಯುತ್ತದೆ. ಅದರ ಒಂದು ಡಿಗ್ರಿ ಎಂದರೆ ಒಂದೂಕಾಲು ಸೆಲ್ಸಿಯಸ್ ಡಿಗ್ರಿ. ಯಾರಿಗಾದರೂ ಮೊದಲು ಬರುವ ಪ್ರಶ್ನೆ, 80 ಏಕೆ ಅಂತ. ಈ ಮಾಪಕ ಮರೆಯಾದದ್ದಕ್ಕೆ ಕಾರಣವೂ ಆ ಪ್ರಶ್ನೆಯ ಉತ್ತರದಲ್ಲೇ ಇದೆ.

ರೆನೆ ರೇಯೋಮ್ಯೂರ್ ಫ್ರಾನ್ಸಿನ ವಿಜ್ಞಾನಿ. ಕೀಟಗಳಿಂದ ಹಿಡಿದು ಉಕ್ಕಿನವರೆಗೆ ಅವರು ಕೈಹಾಕದ ವಿಷಯ ಕಡಿಮೆ. 1730ರಲ್ಲಿ ಅವರು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ತಮ್ಮ ಥರ್ಮಾಮೀಟರನ್ನು ವಿವರಿಸಿದರು. ಅದರೊಳಗೆ ಇದ್ದದ್ದು ಪಾದರಸವಲ್ಲ, ನೀರು ಬೆರೆಸಿದ ಮದ್ಯಸಾರ. ಹೆಪ್ಪುಗಟ್ಟುವ ನೀರಿನ ಚಳಿಯಲ್ಲಿ ಆ ದ್ರವದ ಗಾತ್ರ 1000 ಪಾಲು ಎಂದಿಟ್ಟುಕೊಂಡರು. ಅದು ಹಿಗ್ಗಿ 1001 ಪಾಲಾದರೆ ಒಂದು ಡಿಗ್ರಿ, 1002 ಆದರೆ ಎರಡು ಡಿಗ್ರಿ. ಕುದಿಯುವ ನೀರಿನ ಶಾಖದಲ್ಲಿ ಸರಿಯಾಗಿ 1080 ಪಾಲಾಗುವಂತೆ ಮದ್ಯಸಾರಕ್ಕೆ ನೀರು ಬೆರೆಸಿ ಹದ ಮಾಡಬೇಕಿತ್ತು. 80 ಬಂದದ್ದು ಹೀಗೆ. ಅದು ನೀರಿನ ಗುಣವಲ್ಲ, ಒಂದು ನಿರ್ದಿಷ್ಟ ಹದದ ಮದ್ಯಸಾರ ಎಷ್ಟು ಹಿಗ್ಗುತ್ತದೆ ಎಂಬುದರ ಲೆಕ್ಕ.

ಯೋಚನೆ ಚೆನ್ನಾಗಿಯೇ ಇತ್ತು. ಡಿಗ್ರಿ ಎಂದರೆ ಏನು ಎಂಬುದಕ್ಕೆ ಕೈಗೆ ಸಿಗುವ ಅರ್ಥ ಕೊಟ್ಟಿತ್ತು. ಆದರೆ ಕೆಲಸಕ್ಕಿಳಿದಾಗ ತೊಂದರೆಗಳು ಬಂದವು. ಮದ್ಯಸಾರದಲ್ಲಿ ನೀರು ಕಡಿಮೆಯಾದಷ್ಟೂ ಅದು ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಹದ ಸ್ವಲ್ಪ ತಪ್ಪಿದರೂ ಡಿಗ್ರಿಯ ಅಳತೆಯೇ ಬೇರೆಯಾಗುತ್ತಿತ್ತು. ಇಬ್ಬರು ತಯಾರಕರ ರೇಯೋಮ್ಯೂರ್ ಥರ್ಮಾಮೀಟರುಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಅಂಕಿ ತೋರಿಸುತ್ತವೆ ಎಂಬ ಭರವಸೆ ಇರಲಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಶುದ್ಧ ಮದ್ಯಸಾರ ಸುಮಾರು 78 ಸೆಲ್ಸಿಯಸ್ಸಿಗೇ ಕುದಿಯುತ್ತದೆ, ನೀರು ಬೆರೆಸಿದರೂ ನೀರಿಗಿಂತ ಮೊದಲೇ ಕುದಿಯುತ್ತದೆ. ಅಂದರೆ ಬುರುಡೆಯನ್ನು ಕುದಿನೀರಲ್ಲಿ ಇಟ್ಟಾಗ ಒಳಗಿನ ದ್ರವ ನೀರಿನ ಶಾಖಕ್ಕೆ ಏರುವ ಮುಂಚೆ ತಾನೇ ಕುದಿಯಲು ಶುರುವಾಗುತ್ತಿತ್ತು. 80 ಎಂದು ಗುರುತು ಹಾಕಿದ ಜಾಗ ನಿಜಕ್ಕೂ ಕುದಿಯುವ ನೀರಿನ ಶಾಖವೇ ಎಂದು ಹೇಳುವುದು ಕಷ್ಟವಾಯಿತು.

ಜಿನೀವಾದ ಝಾನ್ ಆಂದ್ರೆ ಡೆಲುಕ್ ಈ ಗೊಂದಲವನ್ನು ಸರಳ ಪರೀಕ್ಷೆಯಿಂದ ಬಿಡಿಸಲು ನೋಡಿದರು. ಅದನ್ನು 1772ರಲ್ಲಿ ಪ್ರಕಟಿಸಿದರು. ಎಷ್ಟು ಬಿಸಿ ಎಂದು ಮೊದಲೇ ಗೊತ್ತಿರುವ ಬಿಸಿನೀರು ಮತ್ತು ತಣ್ಣೀರನ್ನು ಅಳೆದು ಬೆರೆಸುವುದು. ಎರಡನ್ನೂ ಸಮಪಾಲು ಹಾಕಿದರೆ ಮಿಶ್ರಣದ ಶಾಖ ಸರಿಯಾಗಿ ನಡುವೆ ಇರಬೇಕಲ್ವಾ? ಯಾವ ದ್ರವದ ಥರ್ಮಾಮೀಟರ್ ಆ ನಡುವಿನ ಅಂಕಿಗೆ ಹತ್ತಿರ ಬರುತ್ತದೋ ಅದು ನಂಬಲು ತಕ್ಕದ್ದು. ಪಾದರಸ ಬಹಳ ಹತ್ತಿರ ಬಂತು. ಮದ್ಯಸಾರ ಹಲವು ಡಿಗ್ರಿ ಕೆಳಗೆ ನಿಂತಿತು. ಏಕೆಂದರೆ ಅದು ಒಂದೇ ಸಮನೆ ಹಿಗ್ಗುವುದಿಲ್ಲ. ತಂಪಿರುವಾಗ ನಿಧಾನವಾಗಿ, ಬಿಸಿಯೇರಿದಂತೆ ಜೋರಾಗಿ ಹಿಗ್ಗುತ್ತದೆ.

ಆಮೇಲೆ ತಯಾರಕರು ಮದ್ಯಸಾರ ಬಿಟ್ಟು ಪಾದರಸ ತುಂಬಿದರು. ಮಂಜುಗಡ್ಡೆಯ ಗುರುತಿನಿಂದ ಕುದಿನೀರಿನ ಗುರುತಿನವರೆಗೆ 80 ಸಮಭಾಗ ಮಾಡಿ, ಅದನ್ನೇ ರೇಯೋಮ್ಯೂರ್ ಎಂದು ಕರೆದರು. ಹೆಸರು ಉಳಿಯಿತು, ಡಿಗ್ರಿಯ ಮೂಲ ಅರ್ಥ ಹೋಯಿತು. ಈ ಮಾಪಕ ಸೋತದ್ದು ಇಲ್ಲೇ ಎಂದು ನನಗೆ ಅನಿಸುತ್ತದೆ. ಸಾವಿರಕ್ಕೆ ಎಂಬತ್ತು ಹಿಗ್ಗುವ ದ್ರವವೇ ಇಲ್ಲವಾದ ಮೇಲೆ, 80 ಭಾಗ ಮಾಡಲು ಕಾರಣವೂ ಉಳಿಯಲಿಲ್ಲ. ಅದೇ ಎರಡು ಗುರುತುಗಳ ನಡುವೆ 100 ಭಾಗ ಮಾಡಿದರೆ ಯಾರಿಗೂ ನಷ್ಟವಿಲ್ಲ. ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ ಎಲ್ಲ ಅಳತೆಯನ್ನೂ ಹತ್ತರ ಲೆಕ್ಕಕ್ಕೆ ತರುವ ಹುರುಪು ಇತ್ತು. 1794ರಲ್ಲಿ ಅಲ್ಲಿ ನೂರು ಡಿಗ್ರಿಯ ಥರ್ಮಾಮೀಟರನ್ನು ಒಪ್ಪಿಕೊಂಡರು. ಮೀಟರ್, ಗ್ರಾಂ ಎಲ್ಲೆಲ್ಲಿ ಹೋದವೋ ಅಲ್ಲೆಲ್ಲ ಅದೂ ಹೋಯಿತು.

ಆದರೆ ಕಾನೂನು ಬದಲಾದ ಕೂಡಲೇ ಜನರ ಕೈಲಿದ್ದ ಉಪಕರಣ ಬದಲಾಗಲಿಲ್ಲ. ನೆಪೋಲಿಯನ್ನನ ಸೇನೆ 1812ರಲ್ಲಿ ರಷ್ಯಾದಿಂದ ಹಿಂದಿರುಗಿದ ದಾರಿಯನ್ನು ಶಾರ್ಲ್ ಮಿನಾರ್ 1869ರಲ್ಲಿ ನಕ್ಷೆಯಾಗಿ ಬಿಡಿಸಿದರು. ಅದರ ಕೆಳಗೆ ದಿನದ ಚಳಿಯನ್ನು ರೇಯೋಮ್ಯೂರ್‌ನಲ್ಲೇ ಕೊಟ್ಟಿದ್ದಾರೆ. ಡಿಸೆಂಬರ್ 6ಕ್ಕೆ ಅಲ್ಲಿರುವ ಅಂಕಿ −30. ಸುಮ್ನೆ ಸೆಲ್ಸಿಯಸ್ ಎಂದು ಓದಿಕೊಂಡರೆ ಚಳಿಯನ್ನು ಕಡಿಮೆ ಅಂದಾಜು ಮಾಡಿದಂತೆ. 4ರಿಂದ ಭಾಗಿಸಿ 5ರಿಂದ ಗುಣಿಸಿದರೆ −37.5 ಸೆಲ್ಸಿಯಸ್ ಬರುತ್ತದೆ. ಪಾದರಸ ಗಟ್ಟಿಯಾಗುವುದು ಸುಮಾರು −39ಕ್ಕೆ. ಅಂದರೆ ಪಾದರಸದ ಥರ್ಮಾಮೀಟರ್ ಕೆಲಸ ನಿಲ್ಲಿಸುವ ಅಂಚಿಗೆ ಬಂದಿದ್ದ ಚಳಿ ಅದು. ಇಂಥ ಜಾಗದಲ್ಲಿ ಮದ್ಯಸಾರವೇ ಮೇಲು, ಅದು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ.

ಹಾಗಾದರೆ ಫ್ಯಾರನ್‌ಹೀಟ್ ಹೇಗೆ ಉಳಿಯಿತು? ಅದರ ಅಂಕಿಗಳಿಗೂ ಈಗ ಮೂಲ ಅರ್ಥವಿಲ್ಲ. ಡೇನಿಯಲ್ ಫ್ಯಾರನ್‌ಹೀಟ್ 1724ರಲ್ಲಿ ಕೊಟ್ಟ ಗುರುತುಗಳು ಹೀಗಿದ್ದವು: ಮಂಜುಗಡ್ಡೆ, ನೀರು, ಲವಣ ಬೆರೆಸಿದ ಚಳಿಗೆ 0, ಬರೀ ಮಂಜುಗಡ್ಡೆ ಮತ್ತು ನೀರಿಗೆ 32, ಆರೋಗ್ಯವಂತ ಮನುಷ್ಯನ ಮೈಬಿಸಿಗೆ 96. ಆಮೇಲೆ ಕುದಿನೀರನ್ನು 212 ಎಂದು ನಿಲ್ಲಿಸಿದಾಗ ಮೈಬಿಸಿ 98ರ ಆಚೆಗೆ ಸರಿಯಿತು. ಆದರೆ ಅವರ ಉಪಕರಣಗಳು ಚೆನ್ನಾಗಿದ್ದವು. 1714ರಲ್ಲಿ ಅವರು ಮಾಡಿದ ಎರಡು ಥರ್ಮಾಮೀಟರುಗಳು ಒಂದೇ ಅಂಕಿ ತೋರಿಸಿದ್ದು ಆ ಕಾಲದ ವಿದ್ವಾಂಸರಿಗೆ ಅಚ್ಚರಿಯಾಗಿತ್ತು. ಆ ನಂಬಿಕೆಯ ಮೇಲೆ ಬ್ರಿಟನ್ ಅದನ್ನು ಹಿಡಿದುಕೊಂಡಿತು. ಬ್ರಿಟಿಷರ ಆಡಳಿತ ಇದ್ದ ಕಡೆಗೆಲ್ಲ ಅದು ತಲುಪಿತು.

ನಮ್ಮಲ್ಲಿಗೂ ಹಾಗೇ ಬಂತು. ದೇಶ ಮೆಟ್ರಿಕ್ ಅಳತೆಗೆ ಬದಲಾದ ಮೇಲೆ ಹವಾಮಾನ ವರದಿ ಸೆಲ್ಸಿಯಸ್ಸಿಗೆ ಹೋಯಿತು, ಜ್ವರ ಮಾತ್ರ ಹೋಗಲಿಲ್ಲ. ರಾಯಚೂರಲ್ಲಿ ಬಿಸಿಲು 42 ಡಿಗ್ರಿ ಎನ್ನುತ್ತೇವೆ, ಮಗುವಿಗೆ ಜ್ವರ 102 ಎನ್ನುತ್ತೇವೆ. ಎರಡರಲ್ಲೂ ಮಾಪಕದ ಹೆಸರು ಹೇಳುವುದೇ ಇಲ್ಲ, ಯಾರಿಗೂ ಗೊಂದಲವೂ ಆಗುವುದಿಲ್ಲ. ಜ್ವರವನ್ನು 38.9 ಎಂದು ಹೇಳಿದರೆ ನಮ್ಮ ಮನೆಗಳಲ್ಲಿ ಎಷ್ಟೋ ಜನ ಮತ್ತೆ ಫ್ಯಾರನ್‌ಹೀಟಿಗೆ ತಿರುಗಿಸಿ ನೋಡುತ್ತಾರೆ. ಎಷ್ಟಕ್ಕೆ ಹೆದರಬೇಕು ಎಂಬ ಅಂದಾಜು ಕೂತಿರುವುದು ಆ ಅಂಕಿಗಳಲ್ಲಿ.

ರೇಯೋಮ್ಯೂರ್ ಕೂಡ ಕೊನೆಗೆ ಇಂಥ ಒಂದು ಮೂಲೆಯಲ್ಲೇ ಉಳಿದಿದೆ. ಇಟಲಿಯಲ್ಲಿ ಮತ್ತು ಸ್ವಿಸ್ ಬೆಟ್ಟಗಳಲ್ಲಿ ಕೆಲವು ಚೀಸ್ ತಯಾರಕರು ಹಾಲಿನ ಕೊಪ್ಪರಿಗೆಗೆ ಈ ಮಾಪಕದ ಥರ್ಮಾಮೀಟರನ್ನೇ ಇಳಿಬಿಡುತ್ತಾರೆ. ಹಾಲು ಎಷ್ಟು ಬಿಸಿಯಾದಾಗ ಏನು ಹಾಕಬೇಕು ಎಂಬುದನ್ನು ಅವರು ಕಲಿತಿರುವುದು ಆ ಅಂಕಿಗಳಲ್ಲೇ.