ನವೆಂಬರ್ ಬಂದರೆ ಅಮೆರಿಕದ ಫೋನ್ ಟೈಮ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ರಾತ್ರಿ ಊಟ ಮುಗಿಸಿ 8:30ಕ್ಕೆ ಫೋನ್ ಮಾಡುತ್ತೇನೆ, ಅಲ್ಲಿ ಬೆಳಗ್ಗೆ 8 ಆಗಿರುತ್ತದೆ. ಆದರೆ ನವೆಂಬರ್‌ನಲ್ಲಿ ಅದೇ ಹೊತ್ತಿಗೆ ಮಾಡಿದರೆ, "ಅಮ್ಮಾ, ಇನ್ನೂ ಏಳು ಗಂಟೆ" ಅಂತಾಳೆ. ಹನ್ನೆರಡೂವರೆ ಗಂಟೆ ವ್ಯತ್ಯಾಸ ಅಂತ ಬರೆದಿಟ್ಟುಕೊಂಡಿದ್ದು ತಪ್ಪೇ? — ರಾಜಾಜಿನಗರದ ಓದುಗರು

ಉತ್ತರ: ನೀವು ಬರೆದಿಟ್ಟಿದ್ದು ಸರಿ. ಆದರೆ ಅದು ವರ್ಷದ ಎಂಟು ತಿಂಗಳಿಗೆ ಮಾತ್ರ. ನಮ್ಮ ಗಡಿಯಾರ ವರ್ಷಪೂರ್ತಿ ಒಂದೇ ಥರ ಓಡುತ್ತದೆ, ಅವರದ್ದು ಹಾಗಲ್ಲ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ವಾಪಸ್ ಹಿಂದಕ್ಕೆ ತರುತ್ತಾರೆ. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು ನವೆಂಬರ್ 1. ಈ ನಡುವೆ ವ್ಯತ್ಯಾಸ ಹನ್ನೆರಡೂವರೆ ಗಂಟೆ, ಉಳಿದ ತಿಂಗಳಲ್ಲಿ ಹದಿಮೂರೂವರೆ. ಹಾಗಾಗಿ ಚಳಿಗಾಲದಲ್ಲಿ ಅವರ ಬೆಳಗಿನ 8ಕ್ಕೆ ಸಿಗಬೇಕೆಂದರೆ ನೀವು ರಾತ್ರಿ 9:30ಕ್ಕೆ ಫೋನ್ ಮಾಡಬೇಕು.

ಬೆರಳು ಮಡಚಿ ಹನ್ನೆರಡೂವರೆ ಎಣಿಸುವ ಕಷ್ಟ ಬೇಡ. ಹನ್ನೆರಡು ಗಂಟೆ ಅಂದರೆ ಗಡಿಯಾರದಲ್ಲಿ ಅದೇ ಅಂಕಿ, ಹಗಲು ರಾತ್ರಿ ಮಾತ್ರ ಅದಲುಬದಲು. ನಮ್ಮ ರಾತ್ರಿ 8:30 ಅನ್ನು ಬೆಳಗ್ಗೆ 8:30 ಮಾಡಿ, ಅದರಿಂದ ಅರ್ಧ ಗಂಟೆ ಕಳೆಯಿರಿ: ಬೆಳಗ್ಗೆ 8. ಚಳಿಗಾಲದಲ್ಲಿ ಅರ್ಧದ ಬದಲು ಒಂದೂವರೆ ಗಂಟೆ ಕಳೆಯಿರಿ: ಬೆಳಗ್ಗೆ 7. ಮಗಳು ಹೇಳಿದ್ದೂ ಅಷ್ಟೇ ಅಲ್ವಾ? ಆ ಅರ್ಧ ಗಂಟೆ ನಮ್ಮ ಕಡೆಯಿಂದ ಬಂದದ್ದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಭಾಗಿಸಿದರೆ ನಾವು ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಎಂದು ಬರುತ್ತದೆ, ಕ್ಯಾಲಿಫೋರ್ನಿಯಾದ್ದು ಪೂರ್ತಿ ಗಂಟೆಗಳ ಲೆಕ್ಕ.

ಗಂಟೆಗಿಂತ ಜಾಸ್ತಿ ಜನ ಎಡವುವುದು ತಾರೀಖಿನಲ್ಲಿ. ಮೊಮ್ಮಗನ ಹುಟ್ಟುಹಬ್ಬ 2026ರ ನವೆಂಬರ್ 14, ಶನಿವಾರ ಅಂದುಕೊಳ್ಳಿ. ನೀವು ಬೆಳಗ್ಗೆ ಎದ್ದು ಪೂಜೆ ಮುಗಿಸಿ ಮೊದಲ ಕೆಲಸ ಅಂತ 7ಕ್ಕೆ ಫೋನ್ ಮಾಡಿದರೆ ಅಲ್ಲಿ ಶುಕ್ರವಾರ ಸಂಜೆ 5:30. ಇನ್ನೂ 13ನೇ ತಾರೀಖು, ಹುಡುಗನಿಗೆ ಹುಟ್ಟುಹಬ್ಬವೇ ಶುರುವಾಗಿಲ್ಲ! ಅವರಿಗೆ 14 ಹುಟ್ಟುವುದು ನಮ್ಮ ಶನಿವಾರ ಮಧ್ಯಾಹ್ನ 1:30ಕ್ಕೆ. ಅವನು ಎದ್ದು ಕೂತಿರುವ ಹೊತ್ತಿಗೆ, ಬೆಳಗ್ಗೆ 8ಕ್ಕೆ, ಮಾತಾಡಬೇಕಾದರೆ ನಮ್ಮ ಶನಿವಾರ ರಾತ್ರಿ 9:30. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದೂವರೆಗೆ ಮುಂಚೆ ಇದ್ದರೆ ಅಲ್ಲಿ ನಿನ್ನೆ, ಆಮೇಲೆ ಇವತ್ತು. ಬೇಸಿಗೆಯಲ್ಲಿ ಆ ಗೆರೆ ಹನ್ನೆರಡೂವರೆಗೆ ಬರುತ್ತದೆ.

ಮೊಬೈಲಿನ ವರ್ಲ್ಡ್ ಕ್ಲಾಕ್ ನೋಡಿದರೆ ಸಾಲದೇ ಎಂದು ಕೇಳಬಹುದು. ಈಗಲೇ ಫೋನ್ ಮಾಡುವುದಾದರೆ ಖಂಡಿತ ಸಾಕು. ಆದರೆ ಅದು ತೋರಿಸುವುದು ಈ ಕ್ಷಣದ ವ್ಯತ್ಯಾಸ. ಅಕ್ಟೋಬರ್ 20ಕ್ಕೆ ನೋಡಿ ನವೆಂಬರ್ 14ರ ಕರೆ ಗೊತ್ತು ಮಾಡಿದರೆ ಒಂದು ಗಂಟೆ ತಪ್ಪುತ್ತದೆ. ಮುಂದಿನ ದಿನದ ಕರೆಗೆ ಫೋನಿನ ಕ್ಯಾಲೆಂಡರ್‌ನಲ್ಲಿ ಆ ತಾರೀಖಿಗೇ ಒಂದು ನಮೂದು ಮಾಡಿ, ಟೈಮ್ ಜೋನ್ ಕೇಳುವ ಜಾಗದಲ್ಲಿ ಮಗಳ ಕಡೆಯ ಸಮಯವನ್ನು ಆರಿಸಿ ಬೆಳಗ್ಗೆ 8 ಎಂದು ಹಾಕಿ. ನಿಮ್ಮ ಫೋನ್ ಬೆಂಗಳೂರು ಸಮಯದಲ್ಲಿ ಇರುವುದರಿಂದ ಅದು ತಾನೇ ರಾತ್ರಿ 9:30 ಎಂದು ತೋರಿಸುತ್ತದೆ. ನಿಮ್ಮ ಬಾಯಿಲೆಕ್ಕಕ್ಕೂ ಅದು ತಾಳೆಯಾದರೆ ನೆಮ್ಮದಿಯಾಗಿ ಬಿಡಬಹುದು.

ಇಂಟರ್ನೆಟ್‌ನಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ಜುಲೈನಲ್ಲಿ "8 AM PST to IST" ಎಂದು ಟೈಪ್ ಮಾಡಬೇಡಿ. PST ಅಂದರೆ ಅವರ ಚಳಿಗಾಲದ ಸಮಯ, ಬೇಸಿಗೆಯದ್ದು PDT. ಎಲ್ಲರೂ ಅಭ್ಯಾಸಬಲದಿಂದ ವರ್ಷವಿಡೀ PST ಅಂತಲೇ ಬರೆಯುತ್ತಾರೆ, ಅಲ್ಲೇ ಒಂದು ಗಂಟೆ ಜಾರುತ್ತದೆ. ಸುಮ್ನೆ ಊರಿನ ಹೆಸರು ಹಾಕಿ, "San Jose time" ಅಂತ.

ಮಗಳು ಮುಂದೆ ನ್ಯೂಯಾರ್ಕಿಗೆ ಹೋದರೆ ವ್ಯತ್ಯಾಸ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಬದಲಾಗುವ ದಿನ ಅದೇ. ಅರಿಜೋನಾದ ಫೀನಿಕ್ಸ್‌ಗೆ ಹೋದರೆ ಈ ತಲೆನೋವೇ ಇಲ್ಲ. ಅಲ್ಲಿ ಗಡಿಯಾರ ಮುಟ್ಟುವುದಿಲ್ಲ, ವರ್ಷವಿಡೀ ಹನ್ನೆರಡೂವರೆಯೇ.