Forget ಒತ್ತಿದರೂ ಫೋನ್ ಯಾಕೆ ಅದೇ ವೈಫೈಗೆ ಅಂಟಿಕೊಳ್ಳುತ್ತದೆ?

"ಮೂರು ಸಲ Forget ಮಾಡಿದೆ ಕಣಪ್ಪಾ. ಸಂಜೆ ಹೊತ್ತಿಗೆ ಮತ್ತೆ ಅದಕ್ಕೇ ಹೋಗಿ ಅಂಟಿಕೊಂಡಿರುತ್ತೆ."

ಇದನ್ನು ಹೇಳಿದವರು ನಿವೃತ್ತ ಟೀಚರ್ ಒಬ್ಬರು. ಮಹಡಿ ಮೇಲಿನ ಕೋಣೆಯಲ್ಲಿ ಕೂತು ಮಕ್ಕಳಿಗೆ ವಿಡಿಯೊ ಕಾಲ್‌ನಲ್ಲಿ ಪಾಠ ಮಾಡುತ್ತಾರೆ. ರೌಟರ್ ಕೆಳಗಿನ ಹಾಲ್‌ನಲ್ಲಿದೆ. ಮೇಲೆ ಸಿಗ್ನಲ್ ಸಾಲದು ಎಂದು ಮೆಟ್ಟಿಲಿನ ಮೇಲ್ತುದಿಯಲ್ಲಿ ಒಂದು ಎಕ್ಸ್‌ಟೆಂಡರ್ ಹಾಕಿಸಿದ್ದರು. ಕೆಳಗಿನ ನೆಟ್‌ವರ್ಕ್ ಹೆಸರು Home, ಮೇಲಿನದು Home_EXT. ಆದರೂ ಪಾಠದ ನಡುವೆ ಚಿತ್ರ ನಿಂತುಬಿಡುತ್ತಿತ್ತು. ನೋಡಿದರೆ ಅವರ ಐಫೋನ್ ಮೇಲಿನ ಕೋಣೆಯಲ್ಲಿದ್ದುಕೊಂಡೇ ಕೆಳಗಿನ Home ಅನ್ನು ಹಿಡಿದುಕೊಂಡಿತ್ತು.

"ಪಕ್ಕದಲ್ಲೇ ಪೂರ್ತಿ ಗೆರೆ ಇರೋ ವೈಫೈ ಇದೆ. ಇದಕ್ಕೆ ಕಾಣಲ್ವಾ?" ಅಂತ ಕೇಳಿದರು.

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಪ್ರತಿ ಸಲವೂ ಹಿಂದಿರುವ ತಪ್ಪು ನಂಬಿಕೆ ಒಂದೇ. ಫೋನ್ ಯಾವಾಗಲೂ ಸುತ್ತಲಿನ ಜೋರಾದ ಸಿಗ್ನಲ್ ಹುಡುಕುತ್ತಿರುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಅದು ಹಾಗೆ ಮಾಡುವುದಿಲ್ಲ. ಒಮ್ಮೆ ಒಂದು ಹೆಸರಿಗೆ ಸೇರಿಕೊಂಡ ಮೇಲೆ ಅದು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈಗಿರುವುದು ಇನ್ನೂ ಬದುಕಿದೆಯಾ? ಬದುಕಿದ್ದರೆ ಬಿಡುವ ಕಾರಣ ಇಲ್ಲ. ಇನ್ನೊಂದು ಹೆಸರಿನ ನೆಟ್‌ವರ್ಕ್‌ಗೆ ಹೋದರೆ ನಡೆಯುತ್ತಿರುವ ಕಾಲ್ ಕಡಿಯಬಹುದು, ಹೊಸ ವಿಳಾಸ ಪಡೆಯಬೇಕು, ಆ ಕಡೆ ಇಂಟರ್ನೆಟ್ ಇದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಹಾಗಾಗಿ ಕೈಯಲ್ಲಿರುವುದನ್ನೇ ಹಿಡಿದುಕೊಂಡಿರುತ್ತದೆ.

ಬದುಕಿದೆ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೇನೆ" ಎಂದು ಕೂಗುತ್ತದೆ. ಇದಕ್ಕೆ ಬೀಕನ್ ಎನ್ನುತ್ತೇವೆ. ಈ ಕೂಗು ದೂರಕ್ಕೂ ಕೇಳಲಿ ಎಂದು ಅದನ್ನು ತೀರಾ ನಿಧಾನದ ವೇಗದಲ್ಲಿ ಕಳಿಸಲಾಗುತ್ತದೆ. ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1 ಮೆಗಾಬಿಟ್. ನಿಧಾನವಾಗಿ ಬಿಡಿಸಿ ಹೇಳಿದ ಮಾತು ದೂರದಿಂದಲೂ ಅರ್ಥವಾಗುತ್ತದಲ್ವಾ, ಹಾಗೆ. ಆದರೆ ವಿಡಿಯೊ ಆ ವೇಗದಲ್ಲಿ ಓಡುವುದಿಲ್ಲ. ಜೊತೆಗೆ ಫೋನ್‌ನ ದನಿ ರೌಟರ್‌ನ ದನಿಗಿಂತ ಸಣ್ಣದು. ರೌಟರ್ ಹೇಳಿದ್ದು ಫೋನಿಗೆ ಕೇಳಿಸುತ್ತದೆ, ಫೋನ್ ಹೇಳಿದ್ದು ರೌಟರ್‌ಗೆ ಅರ್ಧಂಬರ್ಧ ಕೇಳಿಸುತ್ತದೆ. ಅದಕ್ಕೇ ಟೀಚರ್‌ಗೆ ಮಕ್ಕಳು ಕಾಣುತ್ತಿದ್ದರು, ಮಕ್ಕಳಿಗೆ ಟೀಚರ್ ಕಲ್ಲಿನಂತೆ ನಿಂತಿರುತ್ತಿದ್ದರು.

ಐಫೋನ್ ತನ್ನ ವೈಫೈ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವುದಿಲ್ಲ. ನನ್ನ ಆಂಡ್ರಾಯ್ಡ್ ಫೋನನ್ನು ಅದರ ಪಕ್ಕದಲ್ಲಿಟ್ಟು ಅಳೆದೆ. ಅಳತೆ ಡಿಬಿಎಂನಲ್ಲಿ, ಯಾವಾಗಲೂ ಮೈನಸ್ ಅಂಕಿ. ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. ಮೈನಸ್ 50 ಅಂದರೆ ಚೆನ್ನಾಗಿದೆ, ಮೈನಸ್ 80 ಅಂದರೆ ಎಳೆದಾಡುತ್ತಿದೆ. ಟೀಚರ್ ಕೂರುವ ಜಾಗದಲ್ಲಿ Home ಮೈನಸ್ 82 ಇತ್ತು, Home_EXT ಮೈನಸ್ 48. ಪ್ರತಿ ಹತ್ತರ ವ್ಯತ್ಯಾಸಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಇಲ್ಲಿ ವ್ಯತ್ಯಾಸ 34. ಅಂದರೆ ಸುಮಾರು ಎರಡೂವರೆ ಸಾವಿರ ಪಟ್ಟು ಜೋರಾದ ಸಿಗ್ನಲ್ ಪಕ್ಕದಲ್ಲಿದ್ದರೂ ಫೋನ್ ಆ ಕಡೆ ಹೋಗಿರಲಿಲ್ಲ. ಯಾಕೆಂದರೆ ಹೆಸರು ಬೇರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಹೆಸರಿನ ಎರಡು ಪೆಟ್ಟಿಗೆಗಳಿದ್ದರೆ ಫೋನ್ ಅವನ್ನು ಒಂದೇ ನೆಟ್‌ವರ್ಕ್‌ನ ಎರಡು ಬಾಗಿಲು ಎಂದು ತಿಳಿಯುತ್ತದೆ, ಬಾಗಿಲು ಬದಲಿಸಲು ಹಿಂಜರಿಯುವುದಿಲ್ಲ. ಐಫೋನ್ ವಿಷಯದಲ್ಲಿ ಆಪಲ್ ಈ ಲೆಕ್ಕವನ್ನು ಬಹಿರಂಗವಾಗಿಯೇ ಹೇಳಿದೆ. ಸಿಗ್ನಲ್ ಮೈನಸ್ 70ರ ಆಸುಪಾಸಿಗೆ ಇಳಿದಾಗ ಅದೇ ಹೆಸರಿನ ಬೇರೆ ಬಾಗಿಲು ಹುಡುಕಲು ಶುರು ಮಾಡುತ್ತದೆ. ಡೇಟಾ ಓಡುತ್ತಿದ್ದರೆ 8 ಡೆಸಿಬಲ್, ಸುಮ್ನೆ ಇದ್ದರೆ 12 ಡೆಸಿಬಲ್ ಜಾಸ್ತಿ ಇರುವ ಬಾಗಿಲು ಸಿಕ್ಕರೆ ಅಲ್ಲಿಗೆ ಹೋಗುತ್ತದೆ. ಹೆಸರು ಬೇರೆಯಾದರೆ ಈ ಲೆಕ್ಕವೇ ಇಲ್ಲ. ಕೆಲವು ಆಂಡ್ರಾಯ್ಡ್ ಫೋನ್‌ಗಳು ಸಿಗ್ನಲ್ ಕ್ಷೀಣಿಸಿದಾಗ ಸೇವ್ ಆಗಿರುವ ಬೇರೆ ಹೆಸರಿಗೂ ದಾಟುತ್ತವೆ. ಆದರೆ ಯಾವಾಗ ದಾಟುತ್ತವೆ ಎಂಬುದು ತಯಾರಕರಿಗೆ ತಕ್ಕಂತೆ ಬದಲಾಗುತ್ತದೆ, ಅದನ್ನೇ ನೆಚ್ಚಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಈಗ Forget ವಿಷಯಕ್ಕೆ ಬರೋಣ. ನನಗೆ ಬೇಸರವಾಗುವುದು ಇಲ್ಲೇ.

ಟೀಚರ್ ಮೇಲೆ ಕೂತು Home ಅನ್ನು Forget ಮಾಡುತ್ತಿದ್ದರು. ಫೋನ್ Home_EXTಗೆ ಹೋಗುತ್ತಿತ್ತು, ಪಾಠ ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ಅಡುಗೆಮನೆಗೆ ಇಳಿಯುತ್ತಿದ್ದರು. ಅಲ್ಲಿ Home_EXT ಮೈನಸ್ 76. ಹಾಡು ನಿಂತು ನಿಂತು ಬರುತ್ತಿತ್ತು. ಆಗ ಪಾಸ್‌ವರ್ಡ್ ಹಾಕಿ Homeಗೆ ಮತ್ತೆ ಸೇರುತ್ತಿದ್ದರು. ಸಂಜೆ ಮೇಲೆ ಹೋದಾಗ ಫೋನ್ Home ಅನ್ನೇ ಹಿಡಿದುಕೊಂಡು ಹೋಗುತ್ತಿತ್ತು.

Forget ಎಂದರೆ "ಇದು ಕಡಿಮೆ ಮುಖ್ಯ" ಎಂದು ಹೇಳಿದಂತೆ ಅಲ್ಲ. ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಅಳಿಸಿದಂತೆ, ಅಷ್ಟೇ. ಮತ್ತೆ ಕೈಯಾರೆ ಸೇರಿಸಿದಾಗ ಆಗುವುದೇ ಬೇರೆ. ಐಫೋನ್ ಪ್ರತಿ ನೆಟ್‌ವರ್ಕ್ ಹೆಸರಿಗೂ ಒಳಗೊಳಗೇ ಅಂಕ ಕೊಡುತ್ತದೆ. ನೀವೇ ಆರಿಸಿ ಸೇರಿದರೆ ಅಂಕ ಏರುತ್ತದೆ, ಕೈಯಾರೆ ಬಿಟ್ಟು ಬೇರೆಯದಕ್ಕೆ ಹೋದರೆ ಇಳಿಯುತ್ತದೆ. ಆಂಡ್ರಾಯ್ಡ್ ಕೂಡ ನೀವು ಕೊನೆಯದಾಗಿ ಕೈಯಿಂದ ಆರಿಸಿದ್ದಕ್ಕೆ ಸ್ವಲ್ಪ ಕಾಲ ಹೆಚ್ಚು ಮರ್ಯಾದೆ ಕೊಡುತ್ತದೆ. ಅಂದರೆ ಟೀಚರ್ ಯಾವ ನೆಟ್‌ವರ್ಕ್ ಬೇಡವೆಂದು ಅಳಿಸುತ್ತಿದ್ದರೋ, ಅದೇ ನನಗೆ ಬೇಕು ಎಂದು ಫೋನಿಗೆ ಪ್ರತಿದಿನ ಹೇಳಿಕೊಡುತ್ತಿದ್ದರು. ಫೋನ್ ಹೇಳಿದ ಮಾತು ಕೇಳುತ್ತಿತ್ತು.

ಇನ್ನೊಂದು ತೊಂದರೆಯೂ ಆಗಿತ್ತು. ಒಂದೇ ಆಪಲ್ ಖಾತೆಯಲ್ಲಿ, ಪಾಸ್‌ವರ್ಡ್‌ಗಳನ್ನು ಎಲ್ಲ ಸಾಧನಗಳಲ್ಲೂ ಒಂದೇ ಇಡುವ ಐಕ್ಲೌಡ್ ಕೀಚೈನ್ ಆನ್ ಇದ್ದರೆ ಫೋನ್‌ನಲ್ಲಿ ಮರೆತದ್ದು ಐಪ್ಯಾಡ್‌ನಲ್ಲೂ ಮರೆತುಹೋಗುತ್ತದೆ. "ಮೊಮ್ಮಗಳ ಐಪ್ಯಾಡ್ ಯಾಕೋ ಪಾಸ್‌ವರ್ಡ್ ಕೇಳ್ತಾ ಇದೆ" ಎಂದು ಅವರು ಬೇರೆ ದೂರು ಎಂಬಂತೆ ಹೇಳಿದರು. ಅದೂ ಇದರದ್ದೇ ಫಲ.

ಹಾಗಾದರೆ ಯಾವುದು ಮೊದಲು ಎಂದು ಪಟ್ಟಿ ಮಾಡಿಕೊಡಬಹುದಾ? ಐಫೋನ್‌ನಲ್ಲಿ ಅಂಥ ಪಟ್ಟಿ ಇಲ್ಲ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಉಂಟು, ಹೆಚ್ಚಿನವುಗಳಲ್ಲಿ ಇಲ್ಲ. ಇರುವುದು ಒಂದು ಸ್ವಿಚ್. ಐಫೋನ್‌ನಲ್ಲಿ ನೆಟ್‌ವರ್ಕ್ ಹೆಸರಿನ ಪಕ್ಕದ ವೃತ್ತವನ್ನು ಒತ್ತಿದರೆ Auto-Join, ಆಂಡ್ರಾಯ್ಡ್‌ನಲ್ಲಿ ಅದೇ ಜಾಗದಲ್ಲಿ Auto-connect ಅಥವಾ ಅದನ್ನು ಹೋಲುವ ಹೆಸರು. ಇದನ್ನು ಆಫ್ ಮಾಡಿದರೆ ಪಾಸ್‌ವರ್ಡ್ ಉಳಿಯುತ್ತದೆ, ಫೋನ್ ತಾನಾಗಿ ಹೋಗಿ ಸೇರುವುದು ಮಾತ್ರ ನಿಲ್ಲುತ್ತದೆ. ಅಪರೂಪಕ್ಕೆ ಬೇಕಾಗುವ ನೆಟ್‌ವರ್ಕ್‌ಗೆ Forget ಬದಲು ಇದು ಸರಿ. ಮತ್ತೆಂದೂ ಹೋಗದ ಜಾಗದ್ದು, ಪಾಸ್‌ವರ್ಡ್ ಇಲ್ಲದ ಸಾರ್ವಜನಿಕ ವೈಫೈ, ಇವನ್ನು ಮಾತ್ರ ಅಳಿಸಿಬಿಡಿ. ಪಾಸ್‌ವರ್ಡ್ ಇಲ್ಲದ್ದು ಸೇವ್ ಆಗಿದ್ದರೆ ಅದೇ ಹೆಸರಿಟ್ಟುಕೊಂಡ ಯಾರ ನೆಟ್‌ವರ್ಕ್‌ಗಾದರೂ ಫೋನ್ ಸೇರಿಬಿಡಬಹುದು.

ಟೀಚರ್ ಮನೆಯಲ್ಲಿ ಆ ಸ್ವಿಚ್ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವರಿಗೆ ಮೇಲೂ ಬೇಕು, ಕೆಳಗೂ ಬೇಕು. ಅದಕ್ಕೆ ಎಕ್ಸ್‌ಟೆಂಡರ್‌ನ ಸೆಟ್ಟಿಂಗ್ ತೆರೆದು ಅದಕ್ಕೂ Home ಎಂದೇ ಹೆಸರಿಟ್ಟೆ. ಪಾಸ್‌ವರ್ಡ್ ಅದೇ, ಭದ್ರತೆಯ ಬಗೆಯೂ ಅದೇ. ಒಂದು ಕಡೆ WPA2, ಇನ್ನೊಂದು ಕಡೆ WPA3 ಮಾತ್ರ ಎಂದಿದ್ದರೆ ಹೆಸರು ಒಂದೇ ಆದರೂ ದಾಟುವಾಗ ತೊಡಕಾಗಬಹುದು. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರವೂ ಒಂದೇ ಇರಬೇಕು. ಆಮೇಲೆ ಫೋನ್‌ನಲ್ಲಿ ಉಳಿದಿದ್ದ Home_EXT ಅನ್ನು ಅಳಿಸಿದೆ. Forget ಸರಿಯಾಗಿ ಬಳಕೆಯಾಗುವುದು ಇಂಥ ಕಡೆ. ಆ ಹೆಸರು ಇನ್ನು ಅಲ್ಲಿ ಇಲ್ಲವೇ ಇಲ್ಲ.

ಆಮೇಲೆ ಅವರಿಗೇ ವಿಡಿಯೊ ಕಾಲ್‌ನಲ್ಲಿದ್ದುಕೊಂಡು ಮೆಟ್ಟಿಲು ಹತ್ತಲು ಹೇಳಿದೆ. ನಾನು ಜೊತೆಯಲ್ಲೇ ಅಳೆಯುತ್ತಾ ಹೋದೆ. ಅರ್ಧ ಮೆಟ್ಟಿಲಲ್ಲಿ ಕೆಳಗಿನದು ಮೈನಸ್ 64 ಇತ್ತು. ಅಲ್ಲಿ ಫೋನ್ ದಾಟಬೇಕಾದ ಕಾರಣವೇ ಇಲ್ಲ. ಕೋಣೆ ಬಾಗಿಲಲ್ಲಿ ಕೆಳಗಿನದು ಮೈನಸ್ 75ಕ್ಕೆ ಇಳಿಯಿತು, ಮೇಲಿನದು ಮೈನಸ್ 45. ಅಲ್ಲಿ ಚಿತ್ರ ಒಂದು ಕ್ಷಣ ತಡೆದು ಮತ್ತೆ ಓಡಿತು. ದಾಟಿತ್ತು.

ಇದನ್ನು ಓದಿ ತಕ್ಷಣ ಎಲ್ಲಕ್ಕೂ ಒಂದೇ ಹೆಸರಿಡಬೇಡಿ, ದಯವಿಟ್ಟು. ಎರಡನೆಯ ಪೆಟ್ಟಿಗೆ ಎಕ್ಸ್‌ಟೆಂಡರ್ ಅಲ್ಲದೆ ಇನ್ನೊಂದು ಪೂರ್ಣ ರೌಟರ್ ಆಗಿದ್ದರೆ ಅದು ತನ್ನದೇ ವಿಳಾಸಗಳನ್ನು ಹಂಚುತ್ತಿರಬಹುದು. ಆಗ ಫೋನ್ ಹಳೆಯ ವಿಳಾಸ ಇಟ್ಟುಕೊಂಡೇ ಹೊಸ ಬಾಗಿಲಿಗೆ ಹೋಗಬಹುದು. ಗೆರೆಗಳು ಪೂರ್ತಿ ಇರುತ್ತವೆ, ಏನೂ ತೆರೆಯುವುದಿಲ್ಲ, ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಪತ್ತೆ ಮಾಡುವುದು ಸುಲಭ. ಹೆಸರು ಬೇರೆ ಬೇರೆ ಇರುವಾಗಲೇ ಎರಡಕ್ಕೂ ಒಂದೊಂದು ಸಲ ಸೇರಿ, ನೆಟ್‌ವರ್ಕ್ ವಿವರದಲ್ಲಿ IP Address ನೋಡಿ. ಮನೆಯ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಭಾಗ ಒಂದೇ ಇದ್ದರೆ ತೊಂದರೆ ಇಲ್ಲ. ಒಂದು ಕಡೆ 192.168.1, ಇನ್ನೊಂದು ಕಡೆ 192.168.0 ಎಂದು ಬಂದರೆ ಮೊದಲು ಎರಡನೆಯ ರೌಟರನ್ನು ತನ್ನದೇ ವಿಳಾಸ ಹಂಚದ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಮೇಲೆ ಹೆಸರು ಒಂದು ಮಾಡಿ. ಆ ಮೋಡ್ ಇಲ್ಲದಿದ್ದರೆ ಹೆಸರು ಬೇರೆಯೇ ಇರಲಿ.

ನಾಲ್ಕು ದಿನ ಬಿಟ್ಟು ಟೀಚರ್ ಫೋನ್ ಮಾಡಿದರು. ಪಾಠ ಸರಿ, ಅಡುಗೆಮನೆಯೂ ಸರಿ, ಹಿಂದಿನ ಬಾಲ್ಕನಿಯಲ್ಲಿ ಮಾತ್ರ ಇನ್ನೂ ನಿಲ್ಲುತ್ತದಂತೆ. ಅಲ್ಲಿ ಹೋಗಿ ಅಳೆದೆ. ಕೆಳಗಿನದು ಮೈನಸ್ 84, ಮೇಲಿನದು ಮೈನಸ್ 79. ಫೋನ್ ಯಾವುದನ್ನು ಹಿಡಿದರೂ ಅಲ್ಲಿ ಅಷ್ಟೇ. ಅದನ್ನು ಫೋನ್‌ನ ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ ಅಮ್ಮ, ಎಕ್ಸ್‌ಟೆಂಡರ್ ಜಾಗ ಬದಲಿಸಿ ನೋಡಬೇಕು ಅಂದೆ. ಪಾಠದ ಕೋಣೆ ಚೆನ್ನಾಗಿದ್ದರೆ ಸಾಕು, ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕೋಕೆ ವೈಫೈ ಬೇಕಿಲ್ಲ ಎಂದು ಅಲ್ಲಿಗೇ ಬಿಟ್ಟರು.